ಬೀಗ ಹಾಕಿದ ಮನೆಯ ಮುಂದೆ ಬರೆದ ವರದಿ

ಹದಿನೈದರ ಹುಡುಗನೊಬ್ಬನನ್ನು ಪೊಲೀಸರು ಕರೆದೊಯ್ದರೆಂಬ ಸುದ್ದಿ ಓಣಿಗೆ ಮುಟ್ಟಿದ ಕೂಡಲೇ ನಾವು ಮಾಡುವುದೇನು? ಮೊದಲು ಪರಿಚಯದ ಪುಢಾರಿಯನ್ನು ಹುಡುಕುತ್ತೇವೆ. ಆತ ಸಿಗದಿದ್ದರೆ ಠಾಣೆಯ ಮುಂದಿನ ಚಹಾದಂಗಡಿಯಲ್ಲಿ ಕುಳಿತ ದಲ್ಲಾಳಿಯನ್ನು ಹಿಡಿಯುತ್ತೇವೆ. ಹುಡುಗನ ತಾಯಿ ಕಿವಿಯ ಓಲೆಯನ್ನು ಅಡವಿಡುತ್ತಾಳೆ. ಎರಡು ದಿನ ಕಳೆಯುವಷ್ಟರಲ್ಲಿ ಓಣಿಯ ಹಿರಿಯರು ‘ಅವನು ಮೊದಲಿನಿಂದಲೂ ಹಾಗೆಯೇ’ ಎಂದು ತೀರ್ಪಿತ್ತು ತಮ್ಮ ಕೆಲಸಕ್ಕೆ ಮರಳುತ್ತಾರೆ. ಈ ಗದ್ದಲದಲ್ಲಿ ಹುಡುಗನ ಮುಂದಿನ ಬದುಕನ್ನು ನಿಜವಾಗಿ ನಿರ್ಧರಿಸುವ ಕಾಗದವೊಂದು ಇದೆಯೆಂಬುದು ಯಾರಿಗೂ ಹೊಳೆಯುವುದಿಲ್ಲ. ಆ ಕಾಗದವನ್ನು ಬರೆಯುವ ಅಧಿಕಾರಿ ಮನೆಯ ಮುಂದೆ ಬಂದು ನಿಂತಾಗ ಬಾಗಿಲಿಗೆ ಬೀಗ ಜಡಿದಿರುತ್ತದೆ.

ನಾವು ಹೇಳುತ್ತಿರುವುದು ಬಾಲ ನ್ಯಾಯ ಮಂಡಳಿಗೆ ಸಲ್ಲಿಕೆಯಾಗುವ ಸಾಮಾಜಿಕ ತನಿಖಾ ವರದಿಯ ಕುರಿತು. ವಕೀಲರ ವಾದಕ್ಕಿಂತಲೂ ಕೆಲವೊಮ್ಮೆ ಹೆಚ್ಚು ತೂಕ ಪಡೆಯುವ ಈ ವರದಿ ಹೇಗೆ ಸಿದ್ಧವಾಗುತ್ತದೆ, ಎಲ್ಲಿ ಕೆಡುತ್ತದೆ, ಕೆಟ್ಟಿದೆಯೆಂದು ತಿಳಿಯುವುದು ಹೇಗೆ ಎಂಬುದನ್ನು ಅರಿಯದೆ ‘ನಮ್ಮ ಮಕ್ಕಳಿಗೆ ನ್ಯಾಯ ಸಿಗುತ್ತಿಲ್ಲ’ ಎಂದು ದೂರುವುದರಲ್ಲಿ ಅರ್ಥವಿಲ್ಲ.

ವಿಜಯಪುರ ನಗರದ ಜಲನಗರವನ್ನೇ ಇಟ್ಟುಕೊಂಡು ಒಂದು ಉದಾಹರಣೆಯನ್ನು ಕಟ್ಟೋಣ. ಇದು ಯಾವುದೇ ನಿರ್ದಿಷ್ಟ ಬಾಲಕನ ಕತೆಯಲ್ಲ. ಪ್ರಕರಣದಲ್ಲಿ ಸಿಲುಕಿದ ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರಗಳನ್ನು ಪ್ರಕಟಿಸುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸಿದೆ. ಉಲ್ಲಂಘಿಸಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಿಡಿದ ಹುಡುಗನ ವಿಡಿಯೋವನ್ನು ಮೊಬೈಲಿನಿಂದ ಮೊಬೈಲಿಗೆ ಹಂಚುವವರು ಮೊದಲು ಇದನ್ನು ತಿಳಿಯಲಿ.

ನಮ್ಮ ಉದಾಹರಣೆಯ ಬಾಲಕನಿಗೆ ಹದಿನೈದು ವರ್ಷ. ಒಂಬತ್ತನೆಯ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟು ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದಾನೆ. ತಂದೆ ಹಮಾಲಿ. ತಾಯಿ ಹಂಗಾಮಿನಲ್ಲಿ ನಸುಕಿಗೇ ಟೆಂಪೋ ಹತ್ತಿ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೂ ಒಣದ್ರಾಕ್ಷಿ ಶೆಡ್ಡುಗಳಿಗೂ ಕೂಲಿಗೆ ಹೋಗಿ ಕತ್ತಲಾದ ಮೇಲೆ ಮರಳುತ್ತಾಳೆ. ಒಂದು ಸಂಜೆ ಗ್ಯಾರೇಜಿಗೆ ಬರುತ್ತಿದ್ದ ಇಪ್ಪತ್ತು ದಾಟಿದ ಇಬ್ಬರು ಯುವಕರು ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ದಾರಿಹೋಕರೊಬ್ಬರ ಕೈಯಿಂದ ಮೊಬೈಲ್ ಕಸಿಯಲಾಗುತ್ತದೆ. ಜನ ಬೆನ್ನಟ್ಟುತ್ತಾರೆ, ಮೂವರೂ ಸಿಕ್ಕಿಬೀಳುತ್ತಾರೆ, ನಾಲ್ಕು ಏಟೂ ಬೀಳುತ್ತವೆ. ಪೊಲೀಸರು ಬಂದು ಮೂವರನ್ನೂ ಕರೆದೊಯ್ಯುತ್ತಾರೆ.

ಮೊದಲ ಇಪ್ಪತ್ತನಾಲ್ಕು ಗಂಟೆ

ಠಾಣೆಯ ಬಾಗಿಲಿನಲ್ಲಿಯೇ ಹುಡುಗನ ದಾರಿ ಉಳಿದಿಬ್ಬರ ದಾರಿಯಿಂದ ಬೇರ್ಪಡಬೇಕು. ಪ್ರತಿ ಠಾಣೆಯಲ್ಲಿಯೂ ಎಎಸ್‌ಐ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಒಬ್ಬರನ್ನು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೆಂದು ಗೊತ್ತುಪಡಿಸಿರಬೇಕೆಂದು ಕಾಯ್ದೆ ಹೇಳುತ್ತದೆ. ಹುಡುಗನ ಹೊಣೆ ಆ ಅಧಿಕಾರಿಗೆ ಸೇರಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಕಳುಹಿಸುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ, ಯಾವುದೇ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಪೋಷಕರಿಗೂ ಪ್ರೊಬೇಷನ್ ಅಧಿಕಾರಿಗೂ (ನಮ್ಮಲ್ಲಿ ಪರಿವೀಕ್ಷಣಾಧಿಕಾರಿ ಎನ್ನುತ್ತಾರೆ) ತಕ್ಷಣ ತಿಳಿಸಬೇಕು. ಪ್ರಯಾಣದ ಸಮಯವನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಂದು ಮಂಡಳಿಯ ಸಭೆ ಇಲ್ಲವೆಂಬುದು ಸಬೂಬಾಗದು. ಸಭೆ ಇಲ್ಲದ ದಿನ ಮಂಡಳಿಯ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಲು ಅವಕಾಶವಿದೆ.

ಪೊಲೀಸರು ಮಕ್ಕಳೊಡನೆ ಸಾದಾ ಉಡುಪಿನಲ್ಲಿ ವ್ಯವಹರಿಸಬೇಕೆಂಬ ನಿಯಮವನ್ನು ಹಲವರು ಅಲಂಕಾರದ ಮಾತೆಂದು ತಿಳಿದಿದ್ದಾರೆ. 2020ರಲ್ಲಿ ಬೀದರಿನ ಶಾಹೀನ್ ಶಾಲೆಯ ನಾಟಕದ ಪ್ರಕರಣದಲ್ಲಿ ಮಕ್ಕಳು ಆರೋಪಿಗಳೇ ಆಗಿರಲಿಲ್ಲ. ಆದರೂ ಸಮವಸ್ತ್ರ ಧರಿಸಿದ, ಶಸ್ತ್ರ ಹೊಂದಿದ ಪೊಲೀಸರು ಅವರನ್ನು ಪ್ರಶ್ನಿಸಿದ ಚಿತ್ರಗಳನ್ನು ನೋಡಿದ ಕರ್ನಾಟಕ ಹೈಕೋರ್ಟು, ಇದು ಮೇಲ್ನೋಟಕ್ಕೆ ಮಕ್ಕಳ ಹಕ್ಕುಗಳ ಗಂಭೀರ ಉಲ್ಲಂಘನೆಯೆಂದು 2021ರ ಆಗಸ್ಟಿನಲ್ಲಿ ಅಭಿಪ್ರಾಯಪಟ್ಟಿತು. ಆರೋಪವಿಲ್ಲದ ಮಗುವಿಗೆ ಸಲ್ಲುವ ಈ ರಕ್ಷಣೆ ಆರೋಪ ಹೊತ್ತ ಮಗುವಿಗೆ ಇನ್ನೂ ಹೆಚ್ಚು ಬೇಕು. ಹೆದರಿದ ಮಗು ಮಾಡದ್ದನ್ನೂ ಮಾಡಿದೆನೆಂದು ಹೇಳುತ್ತದೆ.

ಇನ್ನು ಎಫ್‌ಐಆರ್ ವಿಷಯ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಕನಿಷ್ಠ ಶಿಕ್ಷೆಯುಳ್ಳ ಘೋರ ಅಪರಾಧಗಳನ್ನು ಬಿಟ್ಟರೆ ಮಗುವಿನ ಮೇಲೆ ಸಾಮಾನ್ಯವಾಗಿ ಎಫ್‌ಐಆರ್ ದಾಖಲಿಸುವಂತಿಲ್ಲವೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಮಾಹಿತಿಯನ್ನು ಠಾಣಾ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಡನೆ ಮಂಡಳಿಗೆ ಕಳುಹಿಸಿದರೆ ಸಾಕು. ವಯಸ್ಕರ ಜೊತೆ ಸೇರಿ ಮಾಡಿದ ಆರೋಪವಿದ್ದಾಗ ಮಾತ್ರ ಈ ವಿನಾಯಿತಿ ಇಲ್ಲ. ಆದ್ದರಿಂದ ನಮ್ಮ ಬಾಲಕನ ಹೆಸರು ಎಫ್‌ಐಆರ್‌ನಲ್ಲಿ ಬರುತ್ತದೆ. ಆದರೆ ಎಫ್‌ಐಆರ್ ಆಯಿತೆಂದು ಅಪರಾಧ ಘೋರವಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಂತೆ ಕಸಿದುಕೊಳ್ಳುವ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆ ಮೂರು ವರ್ಷ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ಬಾಲ ನ್ಯಾಯ ಕಾಯ್ದೆ ‘ಸಣ್ಣ ಅಪರಾಧ’ ಎಂದು ಕರೆಯುತ್ತದೆ. ಇಂಥ ಪ್ರಕರಣದಲ್ಲಿ, ಮಗುವಿನ ಹಿತಕ್ಕೇ ಅಗತ್ಯವೆನಿಸಿದರೆ ಹೊರತು, ಅದನ್ನು ವಶದಲ್ಲಿ ಇಟ್ಟುಕೊಳ್ಳುವ ಅಧಿಕಾರವೂ ಪೊಲೀಸರಿಗಿಲ್ಲ. ಜನರ ಏಟಿನಿಂದ ತಪ್ಪಿಸಲು ಠಾಣೆಗೆ ತಂದರೆನ್ನಿ, ಅದು ಸರಿಯೇ. ಅನಂತರ ಪೋಷಕರನ್ನು ಕರೆಸಿ, ಮಂಡಳಿಗೆ ಬರಬೇಕಾದ ದಿನವನ್ನು ತಿಳಿಸಿ ಅವರೊಡನೆ ಕಳುಹಿಸಬಹುದು.

ತಪ್ಪು ನಡೆಯುವುದು ಎಲ್ಲಿ? ‘ಸುಮ್ಮನೆ ವಿಚಾರಣೆಗೆ’ ಎಂದು ಕರೆದೊಯ್ದು, ಕಾಗದದಲ್ಲಿ ಎರಡು ದಿನ ತಡವಾಗಿ ತೋರಿಸುವಲ್ಲಿ. ಇದನ್ನು ಹಿಡಿಯುವ ಉಪಾಯ ಸರಳವಾಗಿದೆ. ಹುಡುಗನನ್ನು ಕರೆದೊಯ್ದ ದಿನ, ಗಂಟೆ, ಕಂಡವರ ಹೆಸರುಗಳನ್ನು ಅಂದೇ ಬರೆದಿಟ್ಟುಕೊಂಡು, ಮಂಡಳಿಯ ಮುಂದೆ ಮೊದಲ ದಿನವೇ ಹೇಳಬೇಕು. ಮಕ್ಕಳನ್ನು ಠಾಣೆಯಲ್ಲಿ ಕೂಡಿಹಾಕಿದ ಸಂಗತಿ ಗಮನಕ್ಕೆ ಬಂದಾಗ ಮಂಡಳಿಗಳು ಮೂಕ ಪ್ರೇಕ್ಷಕರಾಗಿ ಕುಳಿತಿರುವಂತಿಲ್ಲವೆಂದು ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಗಮನಕ್ಕೆ ತರಬೇಕಾದವರು ಬಾಯಿ ಬಿಡದಿದ್ದರೆ ಮಂಡಳಿಗೆ ಕನಸು ಬೀಳುವುದಿಲ್ಲ.

ಮಂಡಳಿಯೆಂದರೆ ಕೋರ್ಟಲ್ಲ, ವೀಕ್ಷಣಾಲಯವೆಂದರೆ ಜೈಲಲ್ಲ

ಮಂಡಳಿಯಲ್ಲಿ ಮೂವರಿರುತ್ತಾರೆ. ಪ್ರಧಾನ ದಂಡಾಧಿಕಾರಿ ಒಬ್ಬರು, ಸಮಾಜ ಕಾರ್ಯಕರ್ತರಿಬ್ಬರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಸಭೆ ವೀಕ್ಷಣಾಲಯದ ಆವರಣದಲ್ಲಿ ಅಥವಾ ಅದರ ಹತ್ತಿರ ನಡೆಯಬೇಕೇ ಹೊರತು ಕೋರ್ಟಿನ ಅಥವಾ ಜೈಲಿನ ಆವರಣದಲ್ಲಿ ನಡೆಯಬಾರದು. ಎತ್ತರದ ಪೀಠ ಇರಬಾರದು, ಕಟಕಟೆ ಇರಬಾರದು. ಮಗು ಅವರೆದುರು ಕುಳಿತು ಮಾತಾಡುವಂತಿರಬೇಕು.

ಮೊದಲ ದಿನ ಮಂಡಳಿಯ ಮುಂದೆ ಎದುರಾಗುವುದು ಜಾಮೀನಿನ ಪ್ರಶ್ನೆ. ವಯಸ್ಕರಿಗೆ ಜಾಮೀನು ಕೊಡಲು ಕಾರಣ ಬೇಕಾದರೆ, ಮಗುವಿಗೆ ಜಾಮೀನು ನಿರಾಕರಿಸಲು ಕಾರಣ ಬೇಕು. ಕಾಯ್ದೆಯ 12ನೇ ಕಲಮಿನ ಸಾರ ಇದೇ. ಜಾಮೀನುದಾರರಿದ್ದರೂ ಇಲ್ಲದಿದ್ದರೂ ಮಗುವನ್ನು ಬಿಡಬೇಕು. ನಿರಾಕರಿಸಬಹುದಾದ ಸಂದರ್ಭಗಳು ಮೂರು ಮಾತ್ರ: ಬಿಟ್ಟರೆ ಮಗು ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುವುದು, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯಕ್ಕೆ ಒಳಗಾಗುವುದು, ನ್ಯಾಯದ ಉದ್ದೇಶವೇ ಸೋಲುವುದು. ಹೀಗಾಗಬಹುದೆಂದು ನಂಬಲು ಆಧಾರವಿರಬೇಕು ಮತ್ತು ಆ ಕಾರಣವನ್ನು ಆದೇಶದಲ್ಲಿ ಬರೆಯಬೇಕು. ರಾಜಸ್ಥಾನದ ಬಾಲಕನೊಬ್ಬ ಇಂಥ ಕಾರಣವನ್ನು ಯಾರೂ ದಾಖಲಿಸದೆಯೇ ವರ್ಷಕ್ಕೂ ಮಿಕ್ಕಿ ಬಂಧನದಲ್ಲಿದ್ದನು. ಕೆಳಗಿನಿಂದ ಹೈಕೋರ್ಟಿನವರೆಗೂ ಜಾಮೀನು ಸಿಗಲಿಲ್ಲ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿ, ಜಾಮೀನೇ ನಿಯಮವೆಂಬುದನ್ನು ಎಲ್ಲರಿಗೂ ನೆನಪಿಸಬೇಕಾಯಿತು.

ಜಾಮೀನು ಸಿಗದ ಮಗು ವಿಚಾರಣೆ ಮುಗಿಯುವವರೆಗೆ ಇರುವ ತಾಣವೇ ವೀಕ್ಷಣಾಲಯ. ನಮ್ಮ ಕಡೆಯ ಹಿರಿಯರು ಇಂದಿಗೂ ಅದನ್ನು ‘ರಿಮ್ಯಾಂಡ್ ಹೋಮ್’ ಎನ್ನುತ್ತಾರೆ. ಅದು ಶಿಕ್ಷೆಯ ಜಾಗವಲ್ಲ. ಅಲ್ಲಿರುವ ಮಗುವಿನ ಅಪರಾಧ ಸಾಬೀತಾಗಿರುವುದಿಲ್ಲ. ವಯಸ್ಸು ಮತ್ತು ಆರೋಪದ ಗಂಭೀರತೆಯನ್ನು ನೋಡಿ ಮಕ್ಕಳನ್ನು ಬೇರೆ ಬೇರೆ ಇರಿಸಬೇಕು, ಪಾಠ, ಆಟ, ವೈದ್ಯಕೀಯ ತಪಾಸಣೆ, ಆಪ್ತ ಸಮಾಲೋಚನೆ ದೊರೆಯಬೇಕು. ಇವೆಲ್ಲ ದೊರೆತರೂ ಒಂದು ನಷ್ಟ ತಪ್ಪುವುದಿಲ್ಲ. ಮಗು ತನ್ನ ಮನೆಯಲ್ಲಿ ಇರುವುದಿಲ್ಲ. ಕಾಯ್ದೆ ವಿಚಾರಣೆಗೆ ಕೊಟ್ಟಿರುವ ಅವಧಿ ನಾಲ್ಕು ತಿಂಗಳು, ಕಾರಣ ಬರೆದು ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧವಾದರೆ ವಿಸ್ತರಿಸಿದ ಅವಧಿಯಲ್ಲೂ ಮುಗಿಯದ ಪ್ರಕರಣ ತಾನಾಗಿ ಕೊನೆಗೊಳ್ಳುತ್ತದೆ. ಆದರೆ ಹತ್ತನೆಯ ತರಗತಿಯ ಹುಡುಗನಿಗೆ ನಾಲ್ಕು ತಿಂಗಳೆಂದರೆ ಒಂದು ವರ್ಷವೇ ಹೋದಂತೆ. ಶಾಲೆ ಬಿಟ್ಟವನಿಗೆ ಅದು ಹಿಂದಿರುಗುವ ಕೊನೆಯ ಬಾಗಿಲು ಮುಚ್ಚಿದಂತೆ.

ಬಡವರು ತಪ್ಪದೆ ತಿಳಿದಿರಬೇಕಾದ ಇನ್ನೊಂದು ಮಾತಿದೆ. ಜಾಮೀನಿನ ಆದೇಶವಾಗಿದ್ದರೂ ಶರತ್ತು ಪೂರೈಸಲಾಗದೆ ಮಗು ಒಳಗೇ ಉಳಿಯುವುದುಂಟು. ಹೊಲದ ಉತಾರ ಇರುವ ಜಾಮೀನುದಾರರನ್ನು ಹಮಾಲಿಯೊಬ್ಬ ಎಲ್ಲಿಂದ ತರಬೇಕು? ಏಳು ದಿನದೊಳಗೆ ಶರತ್ತು ಪೂರೈಸಲಾಗದಿದ್ದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಶರತ್ತನ್ನು ಬದಲಿಸಬೇಕೆಂದು ಅದೇ 12ನೇ ಕಲಮು ಹೇಳುತ್ತದೆ. ಎಂಟನೆಯ ದಿನ ತಾಯಿಯೊಬ್ಬಳು ಹೋಗಿ ಇದನ್ನು ಕೇಳಿದರೆ ಸಾಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಓಲೆ ಅಡವಿಡುವ ಅಗತ್ಯವಿಲ್ಲ.

ವರದಿಯ ಒಳಗೇನಿದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ವರದಿಗಳು ಎರಡು, ಅವನ್ನು ಬೆರೆಸಬಾರದು. ಮೊದಲನೆಯದು ಪೊಲೀಸರು ಮೊದಲ ದಿನವೇ ತುಂಬುವ ನಮೂನೆ 1, ಅಂದರೆ ಸಾಮಾಜಿಕ ಹಿನ್ನೆಲೆಯ ವರದಿ. ಠಾಣೆಯಲ್ಲಿ ಕುಳಿತು ಕೇಳಿ ಬರೆಯುವ ಕಾಗದವಿದು. ಎರಡನೆಯದು ಪ್ರೊಬೇಷನ್ ಅಧಿಕಾರಿ ಅಥವಾ ಮಕ್ಕಳ ಕಲ್ಯಾಣಾಧಿಕಾರಿ ಸಿದ್ಧಪಡಿಸುವ ನಮೂನೆ 6, ಅಂದರೆ ಸಾಮಾಜಿಕ ತನಿಖಾ ವರದಿ. ಮಗು ಮೊದಲು ಹಾಜರಾದ ದಿನದಿಂದ ಹದಿನೈದು ದಿನಗಳೊಳಗೆ ಇದು ಮಂಡಳಿಗೆ ತಲುಪಬೇಕು. ಇದನ್ನು ಬರೆಯುವವರು ಮಗುವಿನ ಜೊತೆ ಮಾತಾಡಬೇಕು, ಮನೆಗೆ ಹೋಗಬೇಕು, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ, ನೆರೆಹೊರೆಯಲ್ಲಿ ವಿಚಾರಿಸಬೇಕು.

ನಮೂನೆಯ ಅಂಕಣಗಳನ್ನು ಓದುತ್ತಾ ಹೋದರೆ ಅದರ ಉದ್ದೇಶ ತಿಳಿಯುತ್ತದೆ. ಮನೆಯವರು ಯಾರು, ದುಡಿಮೆ ಏನು, ಪರಸ್ಪರ ಸಂಬಂಧ ಹೇಗಿದೆ, ಮಗು ಶಾಲೆ ಬಿಟ್ಟದ್ದೇಕೆ, ಶಿಕ್ಷಕರ ನಡವಳಿಕೆ ಹೇಗಿತ್ತು, ದುಡಿಯುತ್ತಿದ್ದರೆ ಹಣ ಯಾರ ಕೈಗೆ ಹೋಗುತ್ತದೆ, ಗೆಳೆಯರು ಸಮವಯಸ್ಕರೋ ದೊಡ್ಡವರೋ, ನಶೆಯ ಚಟವಿದೆಯೇ, ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೇ, ವಯಸ್ಕರು ಅವನನ್ನು ಬಳಸಿಕೊಂಡರೇ, ಘಟನೆಗೆ ಕಾರಣವೇನು. ಕೊನೆಯಲ್ಲಿ ಅಧಿಕಾರಿಯ ಶಿಫಾರಸು. ಇವುಗಳಲ್ಲಿ ಒಂದೂ ‘ಕದ್ದನೋ ಇಲ್ಲವೋ’ ಎಂಬ ಪ್ರಶ್ನೆಯಲ್ಲ. ಆ ಪ್ರಶ್ನೆಗೆ ಸಾಕ್ಷ್ಯದಿಂದ ಉತ್ತರ ಸಿಗಬೇಕು. ವರದಿ ಕೇಳುವುದು ಬೇರೆಯದನ್ನು: ಈ ಮಗು ಇಲ್ಲಿಗೆ ಹೇಗೆ ಬಂತು, ಇಲ್ಲಿಂದ ಎಲ್ಲಿಗೆ ಹೋದರೆ ಸರಿಹೋದೀತು?

ನಮ್ಮ ಉದಾಹರಣೆಗೆ ಮರಳೋಣ. ಅಧಿಕಾರಿ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾರೆ. ಅವರ ಕೈಯಲ್ಲಿ ಇಂಥ ಹತ್ತಾರು ಕಡತಗಳಿರಬಹುದು, ಅದೇ ದಿನ ಬಬಲೇಶ್ವರಕ್ಕೂ ಹೋಗಬೇಕಾಗಿರಬಹುದು. ಮನೆಗೆ ಬೀಗ ಇದೆ. ತಾಯಿ ತಿಕೋಟಾ ದಾರಿಯ ಶೆಡ್ಡಿನಲ್ಲಿ, ತಂದೆ ಹಮಾಲಿಗೆ ಹೋಗಿದ್ದಾನೆ. ಪಕ್ಕದ ಮನೆಯವರನ್ನು ಕೇಳಿದರೆ ಅವರು ‘ನಮಗೇಕೆ ಉಸಾಬರಿ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅಂಗಡಿಕಟ್ಟೆಯ ಮೇಲೆ ಕುಳಿತವರೊಬ್ಬರು ‘ಅವ ಉಡಾಳ ಇದಾನ್ರಿ’ ಎಂದು ಬಿಡುತ್ತಾರೆ. ಗ್ಯಾರೇಜಿನವರು ತಮ್ಮ ಮೇಲೆ ಬಾಲಕಾರ್ಮಿಕ ಪ್ರಕರಣ ಬಂದೀತೆಂಬ ಭಯದಿಂದ ‘ಅವನು ನಮ್ಮಲ್ಲಿ ಇರಲೇ ಇಲ್ಲ’ ಎನ್ನುತ್ತಾರೆ. ಅಧಿಕಾರಿ ಬರೆಯುತ್ತಾರೆ: ತಂದೆ ತಾಯಿ ಹಗಲಿಡೀ ಮನೆಯಲ್ಲಿ ಇರುವುದಿಲ್ಲ, ಬಾಲಕ ಉದ್ಯೋಗವಿಲ್ಲದೆ ತಿರುಗುತ್ತಾನೆ, ಪರಿಸರ ಸರಿಯಿಲ್ಲ, ಬಿಡುಗಡೆ ಮಾಡಿದರೆ ದುಸ್ಸಹವಾಸಕ್ಕೆ ಬೀಳುವ ಸಂಭವವಿದೆ.

ಗಮನಿಸಿ. ಈ ನಾಲ್ಕು ವಾಕ್ಯಗಳಲ್ಲಿ ಜಾಮೀನು ನಿರಾಕರಿಸಲು ಬೇಕಾದ ಎರಡು ಕಾರಣಗಳು ಸಿದ್ಧವಾಗಿವೆ. ‘ತಾಯಿ ಕೂಲಿಗೆ ಹೋಗುತ್ತಾಳೆ’ ಎಂಬುದು ‘ನೈತಿಕ ಅಪಾಯ’ವಾಗಿ ಮಾರ್ಪಟ್ಟಿದೆ. ‘ಬಡವರ ಓಣಿ’ ಎಂಬುದು ‘ಅಪರಾಧಿಗಳ ಸಹವಾಸ’ವಾಗಿದೆ. ಯಾರೂ ಸುಳ್ಳು ಬರೆದಿಲ್ಲ, ಆದರೂ ವರದಿ ನಿಜವಲ್ಲ. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಮಗುವಿನ ಪರವಾಗಿ ಬಂದ ಈ ವರದಿ, ಅವಸರದಲ್ಲಿ ಬರೆದಾಗ, ಬಡತನಕ್ಕೆ ಮತ್ತು ವಿಳಾಸಕ್ಕೆ ಶಿಕ್ಷೆ ಕೊಡುವ ಕಾಗದವಾಗುತ್ತದೆ. ಒಳ್ಳೆಯ ಬಡಾವಣೆಯ ಹುಡುಗ ಅದೇ ಕೆಲಸ ಮಾಡಿದರೆ ‘ಪೋಷಕರು ವಿದ್ಯಾವಂತರು, ನಿಗಾ ವಹಿಸಬಲ್ಲರು’ ಎಂಬ ಒಕ್ಕಣೆ ಸುಲಭವಾಗಿ ಬರುತ್ತದೆ.

ಅದೇ ಮನೆಗೆ ಅಧಿಕಾರಿ ಸಂಜೆ ಏಳಕ್ಕೆ ಬಂದಿದ್ದರೆ? ತಾಯಿ ಹೇಳುತ್ತಿದ್ದಳು: ಶಾಲೆಯಲ್ಲಿ ಪುಸ್ತಕ ತರದ್ದಕ್ಕೆ ಹೊರಗೆ ನಿಲ್ಲಿಸಿದ ಮೇಲೆ ಮಗ ಮತ್ತೆ ಹೋಗಲಿಲ್ಲ, ಗ್ಯಾರೇಜಿನ ವಾರದ ಹಣವನ್ನು ತಂದು ತನ್ನ ಕೈಗೇ ಕೊಡುತ್ತಿದ್ದ, ಆ ಇಬ್ಬರು ಯುವಕರು ಎರಡು ತಿಂಗಳಿನಿಂದ ಅವನಿಗೆ ಬೈಕು ಕಲಿಸುವ ಆಸೆ ಹಚ್ಚಿದ್ದರು. ಬಬಲೇಶ್ವರದಲ್ಲಿರುವ ಸೋದರಮಾವ ‘ವಿಚಾರಣೆ ಮುಗಿಯುವತನಕ ನನ್ನ ಮನೆಯಲ್ಲಿರಲಿ, ಶಾಲೆಗೂ ಸೇರಿಸುತ್ತೇನೆ’ ಎಂದು ಹೇಳುತ್ತಿದ್ದರು. ಆಗ ವರದಿಯ ಶಿಫಾರಸು ಏನಾಗುತ್ತಿತ್ತು? ಮಾವನ ಹೊಣೆಗಾರಿಕೆಯಲ್ಲಿ, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಬಿಡುಗಡೆ. ಅಷ್ಟೇ ಅಲ್ಲ, ‘ವಯಸ್ಕರು ಬಳಸಿಕೊಂಡರೇ’ ಎಂಬ ಅಂಕಣಕ್ಕೆ ಉತ್ತರ ಸಿಗುತ್ತಿತ್ತು. ಮಕ್ಕಳನ್ನು ಕಾನೂನುಬಾಹಿರ ಕೃತ್ಯಕ್ಕೆ ಬಳಸುವ ವಯಸ್ಕರಿಗೆ 83ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿ ದಂಡವಿದೆ. ಮೊಬೈಲ್ ಕಳೆದುಕೊಂಡವರಿಗೆ ನಿಜವಾದ ನ್ಯಾಯ ದೊರೆಯುವುದು ಹಿಂದೆ ಕುಳಿತ ಹುಡುಗನನ್ನು ಕೂಡಿಹಾಕುವುದರಿಂದಲ್ಲ, ಹುಡುಗರನ್ನು ಹಿಂದೆ ಕೂರಿಸಿಕೊಳ್ಳುವವರನ್ನು ಹಿಡಿಯುವುದರಿಂದ.

ಕೆಟ್ಟ ವರದಿಯನ್ನು ಗುರುತಿಸುವುದು ಹೇಗೆ?

ವರದಿ ಗೋಪ್ಯವಾಗಿರುತ್ತದೆ, ಅದು ಸರಿಯೂ ಹೌದು. ಆದರೆ ಮಂಡಳಿಯು ಅದರ ಸಾರವನ್ನು ಮಗುವಿಗೆ ಅಥವಾ ಪೋಷಕರಿಗೆ ತಿಳಿಸಿ, ಅದರಲ್ಲಿರುವ ಸಂಗತಿಗಳ ಕುರಿತು ಸಾಕ್ಷ್ಯ ಒದಗಿಸಲು ಅವಕಾಶ ಕೊಡಬಹುದೆಂದು 99ನೇ ಕಲಮು ಹೇಳುತ್ತದೆ. ಈ ಅವಕಾಶವನ್ನು ಕೇಳಿ ಪಡೆಯುವವರು ವಿರಳ. ಸಾರ ತಿಳಿದಾಗ ನೋಡಬೇಕಾದದ್ದು ಮೂರೇ ಸಂಗತಿ. ಅಧಿಕಾರಿ ಮನೆಗೆ ಯಾವ ದಿನ ಬಂದರು, ಯಾರೊಡನೆ ಮಾತಾಡಿದರು? ಶಾಲೆಯ ಮಾತು ಅದರಲ್ಲಿದೆಯೇ? ‘ಪರಿಸರ ಸರಿಯಿಲ್ಲ’ ಎಂಬಂಥ ಮಾತಿಗೆ ಆಧಾರವಾದ ಘಟನೆಯನ್ನು ಹೇಳಿದೆಯೇ? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ವರದಿ ಬೀಗ ಹಾಕಿದ ಮನೆಯ ಮುಂದೆ ಬರೆದದ್ದೇ ಸರಿ. ವಕೀಲರ ಮೂಲಕ ಮರು ಭೇಟಿಯನ್ನು ಕೋರಬಹುದು, ಶಿಕ್ಷಕರ ಪತ್ರವನ್ನೂ ಸಂಬಂಧಿಕರ ಒಪ್ಪಿಗೆಯನ್ನೂ ಮಂಡಳಿಯ ಮುಂದಿಡಬಹುದು.

ಎಲ್ಲ ಮನೆಗಳೂ ಮಗುವಿಗೆ ಸುರಕ್ಷಿತವೆಂದು ನಾವು ವಾದಿಸುತ್ತಿಲ್ಲ. ಕದ್ದ ಮಾಲನ್ನು ತಂದೆಯೇ ಮಾರುವ ಮನೆಯಿದೆ. ಹುಡುಗ ನಶೆಯ ಚಟಕ್ಕೆ ಬಿದ್ದು ಮನೆಯವರ ಕೈ ಮೀರಿದ ಸಂದರ್ಭವಿದೆ. ಅಂಥಲ್ಲಿ ವೀಕ್ಷಣಾಲಯವೇ ಮಗುವಿಗೆ ಒಳಿತಾಗಬಹುದು, ವರದಿ ಅದನ್ನು ಮುಚ್ಚಿಡದೆ ಬರೆಯಬೇಕು. ಆದರೆ ಹಾಗೆ ಬರೆಯಲೂ ಬಾಗಿಲು ತೆರೆದು ಒಳಗೆ ಹೋಗಿ ನೋಡಿರಬೇಕಷ್ಟೆ?

ಸರಕಾರದ ಹೊಣೆಯನ್ನು ಇಲ್ಲಿ ಮರೆಸಲಾಗದು. ತಿಕೋಟಾ, ಬಬಲೇಶ್ವರಗಳು ತಾಲೂಕುಗಳಾಗಿ ವರ್ಷಗಳೇ ಕಳೆದಿವೆ. ಆದರೆ ಆ ಹಳ್ಳಿಗಳ ಪೋಷಕರು ಮಂಡಳಿಗೆ ಬರಬೇಕಾದದ್ದು ಜಿಲ್ಲಾ ಕೇಂದ್ರಕ್ಕೇ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಮುಂದಿನ ತಾರೀಖು ಕೊಟ್ಟು ಕಳುಹಿಸುವುದು ದಂಡ ವಿಧಿಸಿದಂತೆಯೇ. ಕೂಲಿಯ ಹಂಗಾಮಿನಲ್ಲಿ ಮನೆ ಭೇಟಿ ಸಂಜೆಯೋ ರಜಾದಿನವೋ ನಡೆಯುವಂತೆ ವ್ಯವಸ್ಥೆ ಮಾಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಸಾಧ್ಯದ ಮಾತಲ್ಲ. ಬರುವ ದಿನವನ್ನು ಫೋನಿನಲ್ಲಿ ಮೊದಲೇ ತಿಳಿಸಿದರೂ ಅರ್ಧ ಕೆಲಸ ಆದಂತೆ.

ಇನ್ನು ನಮ್ಮ ಸಮುದಾಯದ ಪಾಲು. ನಮ್ಮಲ್ಲಿ ಎರಡು ಕೆಟ್ಟ ಅಭ್ಯಾಸಗಳಿವೆ. ಒಂದು, ವಯಸ್ಸಿನ ಕಾಗದದ ವಿಷಯದಲ್ಲಿ ಉಡಾಫೆ. ಶಾಲೆಗೆ ಸೇರಿಸುವಾಗ ಬಾಯಿಗೆ ಬಂದ ತಾರೀಖು ಬರೆಸುತ್ತೇವೆ. ಮಂಡಳಿ ವಯಸ್ಸನ್ನು ನಿರ್ಧರಿಸುವಾಗ ಮೊದಲು ನೋಡುವುದು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರವನ್ನು. ಅದಿಲ್ಲದಿದ್ದರೆ ನಗರಪಾಲಿಕೆಯ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರವನ್ನು. ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ವೈದ್ಯಕೀಯ ಪರೀಕ್ಷೆ. ಆಧಾರ್ ಕಾರ್ಡು ಈ ಪಟ್ಟಿಯಲ್ಲಿಲ್ಲ. ತಪ್ಪು ತಾರೀಖು ಒಂದೇ ದಿನದಲ್ಲಿ ಬಾಲಕನನ್ನು ಜೈಲಿನ ವಯಸ್ಕನನ್ನಾಗಿ ಮಾಡಬಲ್ಲದು.

ಎರಡನೆಯದು ಅದಕ್ಕಿಂತ ಕೆಟ್ಟದು. ‘ಒಪ್ಪಿಕೊಂಡುಬಿಡು, ಇಂದೇ ಬಿಡುತ್ತಾರೆ’ ಎಂದು ಹುಡುಗನಿಗೆ ನಾವೇ ಹೇಳಿಕೊಡುತ್ತೇವೆ. ಅನಂತರ ಅವನನ್ನು ಕಳ್ಳನೆಂದು ನಾವೇ ಕರೆಯುತ್ತೇವೆ. ಕಾಯ್ದೆ ಅವನನ್ನು ‘ಕಾನೂನು ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಬಾಲಾಪರಾಧಿ ಎಂಬ ಪದವನ್ನೂ ಬಳಸುವುದಿಲ್ಲ. ಪ್ರಕರಣ ಮುಗಿದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು, ಚಾರಿತ್ರ್ಯ ಪ್ರಮಾಣಪತ್ರಕ್ಕಾಗಿ ಕೇಳಿದರೂ ಪೊಲೀಸರು ಅದನ್ನು ಹೊರಗೆಡಹಬಾರದು ಎಂಬ ರಕ್ಷಣೆಯಿದೆ. ಗಲ್ಫಿಗೆ ಹೋಗುವ ಕನಸು ಕಾಣುವ ನಮ್ಮ ಹುಡುಗರಿಗೆ ಇದರ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಾನೂನು ಮರೆಯಲು ಸಿದ್ಧವಿರುವುದನ್ನು ಓಣಿ ಮರೆಯುವುದಿಲ್ಲವಾದರೆ ಕಾನೂನಿನ ಔದಾರ್ಯ ಯಾವ ಪುರುಷಾರ್ಥಕ್ಕೆ?

ಆದ್ದರಿಂದ ನಮ್ಮ ಮಸೀದಿ ಕಮಿಟಿಗಳಿಗೂ ಓಣಿಯ ಹಿರಿಯರಿಗೂ ನಾವು ಕೇಳುವುದು ದೊಡ್ಡದನ್ನಲ್ಲ. ಹುಡುಗನೊಬ್ಬ ಮಂಡಳಿಯ ಮುಂದೆ ಹಾಜರಾದ ದಿನದಿಂದ ಹದಿನೈದು ದಿನಗಳನ್ನು ಎಣಿಸಿ. ಆ ಅವಧಿಯಲ್ಲಿ ಒಬ್ಬರು ಪ್ರೊಬೇಷನ್ ಅಧಿಕಾರಿಯನ್ನು ಕಂಡು ತಾಯಿ ತಂದೆ ಮನೆಯಲ್ಲಿರುವ ಸಮಯವನ್ನು ತಿಳಿಸಲಿ. ಒಬ್ಬರು ಶಾಲೆಗೆ ಹೋಗಿ ದಾಖಲಾತಿಯ ಪ್ರತಿಯನ್ನು ತರಲಿ. ಹುಡುಗನನ್ನು ಬಲ್ಲ ನೆರೆಯವರು ಬಾಗಿಲು ಮುಚ್ಚಿಕೊಳ್ಳದೆ ಕಂಡದ್ದನ್ನು ಕಂಡಂತೆ ಹೇಳಲಿ. ಒಳ್ಳೆಯದಿದ್ದರೆ ಒಳ್ಳೆಯದು, ಕೆಟ್ಟದ್ದಿದ್ದರೆ ಕೆಟ್ಟದ್ದು. ಸುಳ್ಳು ಸಾಕ್ಷಿ ಬೇಡ, ವಶೀಲಿ ಬೇಡ. ಅಧಿಕಾರಿ ಬಂದಾಗ ಆ ಮನೆಯ ಬಾಗಿಲು ತೆರೆದಿರಲಿ, ಅಷ್ಟು ಸಾಕು.